ಮರ ಋತುವನ್ನು ಹೇಳುತ್ತದೆ, ತಿಂಗಳನ್ನಲ್ಲ: ಆಗಸ್ಟ್‌ನಲ್ಲಿ ಬಂದ ಒಂದು ಮಾವಿನ ವಿಡಿಯೊ

ಹೋದ ಆಗಸ್ಟ್ ಎರಡನೇ ವಾರ ಶ್ರೀನಿವಾಸಪುರ ತಾಲ್ಲೂಕಿನಲ್ಲಿರುವ ನಮ್ಮ ಪಕ್ಕದ ತೋಟದ ಅಣ್ಣ ಬೆಳಗ್ಗೆಯೇ ಮೊಬೈಲ್ ಹಿಡಿದು ಬಂದರು. ವಾಟ್ಸಾಪ್‌ನಲ್ಲಿ ಬಂದ ಒಂದು ವಿಡಿಯೊ. ಮಾವಿನ ಮರಗಳ ತುಂಬಾ ಹೂಗೊಂಚಲು. "ಈ ದ್ರಾವಣ ಹೊಡೆದು ಹದಿನೈದು ದಿನಕ್ಕೆ ಬಂದ ಹೂವು, ನಿನ್ನೆ ತೆಗೆದ ವಿಡಿಯೊ" ಅಂತ ಮಾರುವವನ ಮಾತು. ಅಣ್ಣನಿಗೆ ನಾಲ್ಕು ಎಕರೆ ತೋತಾಪುರಿ ಇದೆ. "ಎಲ್ಲರಿಗಿಂತ ಮೊದಲು ಹಣ್ಣು ಬಂದರೆ ರೇಟು ಸಿಗುತ್ತಲ್ಲ, ಹೊಡೆದುಬಿಡೋಣವಾ? ನೀನು ಓದಿದವನು, ನೋಡಿ ಹೇಳಪ್ಪ" ಅಂದರು. ಕೊಳ್ಳುವುದಕ್ಕೆ ಕೈಸಾಲದ ಮಾತುಕತೆಯೂ ಆಗಿಹೋಗಿತ್ತು.

ನಾನು ದ್ರಾವಣದ ಬಾಟಲಿ ನೋಡಲಿಲ್ಲ. ವಿಡಿಯೊದಲ್ಲಿ ಮಾವಿನ ಹಿಂದೆ ಏನಿದೆ ಅಂತ ನೋಡಿದೆ. ಒಂದು ತೋಟದ ಚಿತ್ರ ಯಾವ ಕಾಲದ್ದು, ಭೂಮಿಯ ಯಾವ ಭಾಗದ್ದು ಅಂತ ತಿಳಿಯಲು ಎಲೆಯ ಬಣ್ಣ, ಬೋಳು ಕೊಂಬೆ, ಹೂಬಿಟ್ಟ ಮರ ಈ ಮೂರೇ ಸಾಕಾಗುತ್ತವೆ. ಆದರೆ ಅವನ್ನು ಓದುವ ರೀತಿ ಗೊತ್ತಿರಬೇಕು. ಈ ವಾರ ಅದನ್ನೇ ಹೇಳುತ್ತೇನೆ.

ನಮ್ಮಲ್ಲಿ ಮರ ಬೋಳಾಗುವುದು ಚಳಿಗಲ್ಲ

ಕೋಲಾರ ಸಮಭಾಜಕ ವೃತ್ತದಿಂದ ಉತ್ತರಕ್ಕೆ ಸುಮಾರು 13 ಡಿಗ್ರಿಯಲ್ಲಿದೆ. ವರ್ಷದ ಅತಿ ದೊಡ್ಡ ಹಗಲಿಗೂ ಅತಿ ಚಿಕ್ಕ ಹಗಲಿಗೂ ನಮ್ಮಲ್ಲಿ ಇರುವ ವ್ಯತ್ಯಾಸ ಒಂದೂವರೆ ಗಂಟೆ ಅಷ್ಟೆ. ಲಂಡನ್ನಿನಲ್ಲಿ ಅದು ಒಂಬತ್ತು ಗಂಟೆಯ ಹತ್ತಿರ. ಅಲ್ಲಿ ಹಗಲು ಕುಗ್ಗಿ ಚಳಿ ಏರುವಾಗ ಮರಗಳು ಎಲೆ ಕೆಂಪು ಮಾಡಿ ಅಕ್ಟೋಬರ್, ನವೆಂಬರ್‌ನಲ್ಲಿ ಉದುರಿಸುತ್ತವೆ. ನಮ್ಮಲ್ಲಿ ಮರಕ್ಕೆ ಹೆದರಿಕೆ ನೀರಿನದು. ಹಿಂಗಾರು ಮುಗಿದು ಮಣ್ಣಿನ ತೇವ ಇಳಿದ ಮೇಲೆ, ಜನವರಿಯಿಂದ ಮಾರ್ಚ್ ಒಳಗೆ, ಎಲೆಯಿಂದ ಹೋಗುವ ನೀರನ್ನು ಉಳಿಸಲು ಮರ ಎಲೆ ಬಿಡುತ್ತದೆ. ಮುಳಬಾಗಿಲಿನ ಕಡೆ ಹೋಗುವಾಗ ಫೆಬ್ರವರಿಯಲ್ಲಿ ಹೊಂಗೆ ಬೋಳಾಗಿ, ಯುಗಾದಿ ಹೊತ್ತಿಗೆ ಎಳೆ ಹಸಿರು ತುಂಬಿಕೊಂಡಿರುವುದನ್ನು ನೀವೆಲ್ಲ ನೋಡಿದ್ದೀರಿ. ಬೇವು ಎಲೆ ಉದುರಿಸಿ, ತಾಮ್ರದ ಬಣ್ಣದ ಚಿಗುರು ಬಿಟ್ಟು, ಬೇವು ಬೆಲ್ಲಕ್ಕೆ ಸರಿಯಾಗಿ ಹೂ ಕೊಡುತ್ತದೆ. ಮುತ್ತುಗ, ಬೂರುಗದ ಮರಗಳು ಎಲೆ ಪೂರ್ತಿ ಬಿಟ್ಟು ಬರೀ ಕೊಂಬೆಯ ಮೇಲೆ ಹೂ ಹೊರುತ್ತವೆ.

ಅಂದರೆ ನಮ್ಮ ಕಡೆ ಬೋಳು ಕೊಂಬೆ ಎಂದರೆ ಒಣಗಾಲ. ಅದರ ಜೊತೆಗೆ ಹೂ ಇದ್ದರೆ ಒಣಗಾಲದ ಕೊನೆ ಹತ್ತಿರವಾಯಿತು ಅಂತ.

ಕೆಂಪೆಲೆ ಎಳೆಯದೋ ಮುದಿಯದೋ

ಇಲ್ಲಿ ಎಲ್ಲರೂ ಎಡವುತ್ತಾರೆ. ವಿಡಿಯೊ ತೋರಿಸುತ್ತಲೇ ಅಣ್ಣ ಹೇಳಿದರು: "ನಮ್ಮ ಗಿಡದಲ್ಲೂ ಎಲೆ ಕೆಂಪಾಗಿದೆ, ಹಣ್ಣಾಗಿ ಉದುರಿ ಇನ್ನು ಹೂವೇ ಬರೋದು." ತೋಟಕ್ಕೆ ಹೋಗಿ ನೋಡಿದರೆ ಅದು ಹಣ್ಣೆಲೆ ಅಲ್ಲ, ಚಿಗುರು. ಜುಲೈನಲ್ಲಿ ಕೊಯ್ಲು ಮುಗಿಸಿ ಕೊಂಬೆ ಸವರಿದ್ದರು. ಮಳೆ ಬಿದ್ದ ಮೇಲೆ ಮಾವು ತಾಮ್ರದ ಬಣ್ಣದಲ್ಲಿ ಚಿಗುರಿತ್ತು.

ಗುರುತಿಸುವುದು ಸುಲಭ. ಎಳೆಯ ಕೆಂಪೆಲೆ ರೆಂಬೆಯ ತುದಿಯಲ್ಲಿ ಇರುತ್ತದೆ, ಮೆತ್ತಗೆ ಜೋತುಬಿದ್ದಿರುತ್ತದೆ, ಕೈಯಲ್ಲಿ ಮಡಿಸಿದರೆ ಮುರಿಯುವುದಿಲ್ಲ. ಮುದಿ ಕೆಂಪೆಲೆ ರೆಂಬೆಯ ಬುಡದ ಕಡೆಯಿಂದ ಶುರುವಾಗುತ್ತದೆ, ಬಿರುಸಾಗಿರುತ್ತದೆ, ತೊಟ್ಟು ಮುಟ್ಟಿದರೆ ಕಳಚುತ್ತದೆ, ಮರದ ಕೆಳಗೂ ಅದೇ ಬಣ್ಣದ ಎಲೆ ಬಿದ್ದಿರುತ್ತದೆ. ಶಾಲೆಗಳ ಮುಂದೆ ನೆರಳಿಗೆ ಹಾಕುವ, ಅಗಲ ಎಲೆಯ ನಾಡಬಾದಾಮಿ ಮರದ ಕೆಂಪು ಈ ಎರಡನೇ ಜಾತಿಯದು. ಮಾವು, ಅರಳಿ, ಬೇವಿನ ಕೆಂಪು ಮೊದಲನೆಯದು. ಚಿತ್ರದಲ್ಲಿ ಮುಟ್ಟಲು ಆಗದಿದ್ದರೂ ತುದಿಯೋ ಬುಡವೋ ಅನ್ನುವುದು, ನೆಲದ ಮೇಲೆ ಎಲೆ ಇದೆಯೋ ಇಲ್ಲವೋ ಅನ್ನುವುದು ಕಾಣುತ್ತದೆ.

ಇನ್ನೊಂದು ಮಾತು. ಮಾವು ಯಾವ ಕಾಲದಲ್ಲೂ ಪೂರ್ತಿ ಬೋಳಾಗುವ ಮರವಲ್ಲ. ಮಾವಿನ ಕೊಂಬೆ ಬೋಳಾಗಿ ಕಂಡರೆ ಅದು ಋತುವಿನ ಗುರುತಲ್ಲ. ತುದಿ ಒಣಗುವ ರೋಗ, ಕಾಂಡ ಕೊರಕ ಅಥವಾ ಬೇರಿನ ತೊಂದರೆ ಇರಬೇಕು. ಉಗುರಿನಿಂದ ತೊಗಟೆ ಕೆರೆದು ನೋಡಿ. ಒಳಗೆ ಹಸಿರಿದ್ದರೆ ಕೊಂಬೆಗೆ ಜೀವ ಇದೆ, ಕಂದು ಬಣ್ಣ ಇದ್ದರೆ ಅಲ್ಲಿಯ ತನಕ ಒಣಗಿದೆ.

ವಿಡಿಯೊ ಓದಿದ್ದು ಹೀಗೆ

ವಿಡಿಯೊ ನಿಲ್ಲಿಸಿ ನಿಲ್ಲಿಸಿ ನೋಡಿದೆವು. ಮೊದಲನೆಯದು ಮಾವಿನ ಹೂ. ನಮ್ಮ ನಾಲ್ಕೂ ತಾಲ್ಲೂಕಿನಲ್ಲಿ ಮಾವು ಹೂ ಬಿಡುವುದು ಡಿಸೆಂಬರ್ ಕೊನೆಯಿಂದ ಫೆಬ್ರವರಿ ತನಕ. ಎರಡನೆಯದು, ಬೇಲಿಯ ಆಚೆ ಒಂದು ಎತ್ತರದ ಬೋಳು ಮರ, ಕೊಂಬೆಗಳ ಮೇಲೆ ದಪ್ಪ ಕೆಂಪು ಹೂ. ಅದು ಕೆಂಪು ಬೂರುಗ. ನಮ್ಮಲ್ಲಿ ಅದು ಹೂ ಬಿಡುವುದು ಜನವರಿಯಿಂದ ಮಾರ್ಚ್ ಒಳಗೆ. ಮೂರನೆಯದು, ಮರಗಳ ನಡುವೆ ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿತ್ತು. ಹೊರಗೆ ನೋಡಿ ಅಂದೆ ಅಣ್ಣನಿಗೆ. ನಮ್ಮ ಬದುವಿನ ಹುಲ್ಲು ಮೊಣಕಾಲುದ್ದ ಹಸಿರಾಗಿತ್ತು, ಆಚೆ ಹೊಲದಲ್ಲಿ ರಾಗಿ ಪೈರು ಏಳುತ್ತಿತ್ತು.

ಮೂರೂ ಸೇರಿ ಒಂದೇ ಮಾತು ಹೇಳಿದವು: ಇದು ಒಣಗಾಲದ ತಂಪು ಕಳೆಯುತ್ತಿರುವ ಹೊತ್ತು, ನಮ್ಮ ಲೆಕ್ಕದಲ್ಲಿ ಮಾಘ ಮಾಸ. ಆದರೆ ಮಾರುವವನು ಹೇಳುತ್ತಿರುವುದು ಆಗಸ್ಟ್. ಹಾಗಾದರೆ ಎರಡೇ ದಾರಿ. ಒಂದು, ನಮ್ಮ ಕಡೆಯದೇ ಹಳೆಯ ವಿಡಿಯೊ, ಜನವರಿಯಲ್ಲಿ ತೆಗೆದದ್ದು. ಇಲ್ಲ, ತಾರೀಕು ನಿಜ, ಜಾಗ ಮಾತ್ರ ಭೂಮಿಯ ದಕ್ಷಿಣ ಭಾಗದ್ದು.

"ದಕ್ಷಿಣದಲ್ಲಿ ಆಗಸ್ಟ್‌ಗೆ ಮಾಘ ಬರುತ್ತಾ?" ಅಂತ ಅಣ್ಣ ನಕ್ಕರು. ಬರುತ್ತದೆ. ಭೂಮಿ ವಾಲಿಕೊಂಡು ಸೂರ್ಯನ ಸುತ್ತ ತಿರುಗುವುದರಿಂದ ನಮಗೆ ಬೇಸಿಗೆ ಆದಾಗ ಅವರಿಗೆ ಚಳಿಗಾಲ. ನನ್ನ ಜೊತೆ ಓದಿದವನೊಬ್ಬ ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಮಾವಿನ ತೋಟದಲ್ಲಿ ಕೆಲಸಕ್ಕಿದ್ದಾನೆ. ಅಲ್ಲೇ ವಿಡಿಯೊ ಕಾಲ್ ಮಾಡಿದೆ. ಅವನ ತೋಟದಲ್ಲೂ ಗಿಡದ ತುಂಬಾ ಹೂ, ಕೆಳಗೆ ಒಣ ಹುಲ್ಲು. ಅಲ್ಲಿ ಉತ್ತರದ ಕಡೆ ಮಾವು ಜುಲೈ, ಆಗಸ್ಟ್‌ನಲ್ಲಿ ಹೂ ಬಿಟ್ಟು ನವೆಂಬರ್ ಡಿಸೆಂಬರ್ ಹೊತ್ತಿಗೆ ಹಣ್ಣಾಗುತ್ತದೆ. ಕೆಂಪು ಬೂರುಗ ಉತ್ತರ ಆಸ್ಟ್ರೇಲಿಯಾದ ಕಾಡಿನಲ್ಲೂ ತಾನಾಗಿ ಬೆಳೆಯುವ ಮರ, ಅಲ್ಲಿಯೂ ಒಣಗಾಲದಲ್ಲಿ ಬೋಳಾಗಿ ಹೂ ಬಿಡುತ್ತದೆ. ಮರ ಅದೇ, ನಡತೆ ಅದೇ, ಕ್ಯಾಲೆಂಡರ್ ಮಾತ್ರ ತಿರುಗಿದೆ.

ನೆನಪಿಡಬೇಕಾದ್ದು ಇಷ್ಟೇ. ಮರ ಋತುವನ್ನು ಹೇಳುತ್ತದೆ, ತಿಂಗಳನ್ನು ಹೇಳುವುದಿಲ್ಲ. ತಾರೀಕು ಖಚಿತವಾಗಿ ಗೊತ್ತಿದ್ದರೆ ಮಾತ್ರ ಋತುವನ್ನು ಅದಕ್ಕೆ ಹೊಂದಿಸಿ ಉತ್ತರವೋ ದಕ್ಷಿಣವೋ ಅನ್ನಬಹುದು. ನೀಲಿ ಹೂವಿನ ಜಕರಂಡ ಬೆಂಗಳೂರಿನಲ್ಲಿ ಮಾರ್ಚ್ ಸುಮಾರಿಗೆ ಅರಳುತ್ತದೆ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಅಕ್ಟೋಬರ್, ನವೆಂಬರ್‌ನಲ್ಲಿ. ತಾರೀಕು ಇಲ್ಲದ ಜಕರಂಡ ಚಿತ್ರ ಎರಡೂ ಊರಿನದ್ದಾಗಬಹುದು. ಅಕ್ಟೋಬರ್‌ನದ್ದು ಅಂತ ಖಾತ್ರಿಯಿದ್ದರೆ ದಕ್ಷಿಣದ್ದು ಅನ್ನಲು ಧೈರ್ಯ ಬರುತ್ತದೆ.

ಎಲ್ಲಿ ಈ ಲೆಕ್ಕ ಕೈಕೊಡುತ್ತದೆ

ಒಂದೇ ಮರ ನೋಡಿ ತೀರ್ಮಾನಿಸಬೇಡಿ. ಬೋರ್‌ವೆಲ್ ಪಕ್ಕದ ಹೊಂಗೆ ಎಲೆ ಬಿಡುವುದೇ ತಡ, ಮಳೆ ಕೈಕೊಟ್ಟ ವರ್ಷ ಆಚೆ ಗುಡ್ಡದ ಮರ ಬೇಗ ಬೋಳಾಗುತ್ತದೆ. ನೀರು ಹಾಯಿಸಿ ಬೆಳೆದ ಗಿಡವನ್ನು ಲೆಕ್ಕಕ್ಕೇ ತೆಗೆದುಕೊಳ್ಳಬೇಡಿ. ಮಾಲೂರಿನ ಗುಲಾಬಿ ವರ್ಷವಿಡೀ ಹೂ ಕೊಡುತ್ತದೆ, ಅದರಿಂದ ಕಾಲ ತಿಳಿಯುವುದಿಲ್ಲ. ಅಲ್ಲಿಯ ನೀಲಗಿರಿಯೂ ಸದಾ ಹಸಿರು. ಸಮಭಾಜಕಕ್ಕೆ ಹತ್ತಿರವಾದಷ್ಟೂ ಗುರುತು ಮಸುಕಾಗುತ್ತದೆ: 8 ಡಿಗ್ರಿಯಲ್ಲಿರುವ ಕನ್ಯಾಕುಮಾರಿ ಕಡೆ ಮಾವು ವರ್ಷಕ್ಕೆ ಎರಡು ಸಲ ಹೂ ಬಿಡುವುದುಂಟು. ಔಷಧಿ ಹಾಕಿ ಅಕಾಲದಲ್ಲಿ ಹೂ ತರಿಸುವ ತೋಟಗಳೂ ಇವೆ. ಅದಕ್ಕೇ ಮಾವಿನ ಜೊತೆ ಯಾರೂ ನೀರು ಗೊಬ್ಬರ ಹಾಕದ ಎರಡು ಮರ, ನೆಲದ ಹುಲ್ಲು ಇವನ್ನೂ ಸೇರಿಸಿ ನೋಡಬೇಕು. ಮೂರೂ ಒಂದೇ ಮಾತು ಹೇಳಿದರೆ ನಂಬಿ.

ಅಣ್ಣನ ತೋಟದಲ್ಲಿ ಮಾಡಿದ್ದು

ಮಾವು ಹೂ ಬಿಡಲು ಬಲಿತ ರೆಂಬೆ ಬೇಕು, ಆಮೇಲೆ ತಂಪು ರಾತ್ರಿ ಮತ್ತು ಒಣ ಮಣ್ಣು ಬೇಕು. ಆಗಸ್ಟ್‌ನಲ್ಲಿ ಇವುಗಳಲ್ಲಿ ಒಂದೂ ಇರಲಿಲ್ಲ. ತಾಮ್ರದ ಎಲೆ ಮೊದಲು ತಿಳಿಹಸಿರಾಗಿ, ಆಮೇಲೆ ಕಡುಹಸಿರಾಗಿ ಬಿರುಸಾಗಬೇಕು. ಹಾಗೆ ಬಲಿತ ರೆಂಬೆ ಇನ್ನೂ ಕೆಲವು ತಿಂಗಳು ಸುಮ್ಮನಿರಬೇಕು. ಡಿಸೆಂಬರ್, ಜನವರಿಯಲ್ಲಿ ನಮ್ಮ ರಾತ್ರಿ 15 ಡಿಗ್ರಿ ಸುಮಾರಿಗೆ ಇಳಿದಾಗ ಮೊಗ್ಗು ಒಡೆಯುತ್ತದೆ. ಎಳೆ ಚಿಗುರಿನ ಮೇಲೆ ಏನು ಹೊಡೆದರೂ ಹೂ ಬರುವುದಿಲ್ಲ, ಬಂದರೆ ಇನ್ನೊಂದು ಚಿಗುರು ಬರುತ್ತದೆ.

ಅಣ್ಣ ದ್ರಾವಣ ಕೊಳ್ಳಲಿಲ್ಲ. ಅಕ್ಟೋಬರ್ ಕೊನೆಗೆ ನೀರು ನಿಲ್ಲಿಸಿದರು. ಡಿಸೆಂಬರ್ ಮೊದಲ ವಾರ ಇಬ್ಬರೂ ಹೋಗಿ ಹತ್ತು ಮರಗಳಲ್ಲಿ, ಮರದ ನಾಲ್ಕು ದಿಕ್ಕಿನಿಂದಲೂ ಹತ್ತು ಹತ್ತು ರೆಂಬೆ ನೋಡಿದೆವು. ತುದಿ ಎಲೆ ಕಡುಹಸಿರಿದ್ದ ಕೊಂಬೆಗಳು ಜನವರಿ ಕೊನೆಗೆ ಹೂ ಬಿಟ್ಟವು. ಪಶ್ಚಿಮದ ಎರಡು ಸಾಲು ಮಾತ್ರ ಸೆಪ್ಟೆಂಬರ್‌ನಲ್ಲಿ ತಡವಾಗಿ ಸವರಿದ್ದು. ಡಿಸೆಂಬರ್‌ನಲ್ಲೂ ಅಲ್ಲಿ ತಾಮ್ರದ ಚಿಗುರೇ ಇತ್ತು, ಆ ಸಾಲುಗಳಿಗೆ ಹೂವೇ ಬರಲಿಲ್ಲ. "ಎಲೆ ಮೊದಲೇ ಹೇಳಿತ್ತು ನೋಡು" ಅಂದರು ಅಣ್ಣ.

ನಿಮ್ಮ ತೋಟದಲ್ಲೂ ಡಿಸೆಂಬರ್ ಮೊದಲ ವಾರ ಈ ಎಣಿಕೆ ಮಾಡಿ. ಎಲ್ಲಿ ತಾಮ್ರದ ಬಣ್ಣ ಉಳಿದಿದೆಯೋ ಆ ಸಾಲನ್ನು ಬರೆದಿಟ್ಟುಕೊಂಡು, ಮುಂದಿನ ವರ್ಷ ಕೊಯ್ಲು ಮುಗಿದ ಕೂಡಲೇ ಮೊದಲು ಅದನ್ನೇ ಸವರಿ. ಕಾಯಿ ಬಟಾಣಿ ಗಾತ್ರ ಆದ ಮೇಲೆ ನೀರು ಮತ್ತೆ ಶುರು ಮಾಡಿ, ಅದಕ್ಕೂ ಮೊದಲು ಬೇಡ.