ತೆಳು ಹೊದಿಕೆ ಎಲ್ಲಿ ಬೇಕು, ಎಲ್ಲಿ ಬೇಡ

ಪ್ರಶ್ನೆ: ಹಿರಿಯೂರಿನಲ್ಲಿ ನಮ್ಮದು ಆರ್‌ಸಿಸಿ ಮನೆ. ಸೂರು ತಗ್ಗು, ಬೇಸಿಗೆಯ ಕಾವು ತಡೆಯಲಾಗದು. ಒಳಗಿನಿಂದ ಏರೋಜೆಲ್ ಅಥವಾ ವ್ಯಾಕ್ಯೂಮ್ ಪ್ಯಾನಲ್ ಹಾಕಿಸಬಹುದೇ?

ಉತ್ತರ: ಹಾಕಿಸಬಹುದು, ಆದರೆ ನಿಮಗದು ಅಗತ್ಯವಿಲ್ಲ. 10 ಮಿ.ಮೀ. ಏರೋಜೆಲ್ ಹೊದಿಕೆ ಸುಮಾರು 20 ಮಿ.ಮೀ. ಥರ್ಮೋಕೋಲ್‌ನಷ್ಟು ಶಾಖ ತಡೆಯುತ್ತದೆ. ಬೆಲೆ ಮಾತ್ರ ಹಲವು ಪಟ್ಟು. ಕತ್ತರಿಸುವಾಗ ನುಣ್ಣನೆಯ ಧೂಳು ಏಳುವುದರಿಂದ ಮಾಸ್ಕ್, ಕೈಗವಸು ಬೇಕು.

ವ್ಯಾಕ್ಯೂಮ್ ಪ್ಯಾನಲ್ ಇನ್ನೂ ತೆಳು. ಆದರೆ ಅದನ್ನು ಕತ್ತರಿಸುವಂತಿಲ್ಲ. ಫ್ಯಾನಿಗೋ ವೈರಿಂಗಿಗೋ ಒಂದು ತೂತು ಕೊರೆದರೂ ಗಾಳಿ ನುಗ್ಗಿ, ಅದರ ಶಕ್ತಿ ಸುಮಾರು ಕಾಲು ಭಾಗಕ್ಕೆ ಇಳಿಯುತ್ತದೆ. ಹೊರಪದರ ಸಡಿಲಗೊಂಡ ಪ್ಯಾನಲ್ ಕೆಟ್ಟಿದೆಯೆಂದೇ ತಿಳಿಯಿರಿ.

ನಿಮಗೆ ತಾರಸಿಯ ಮೇಲೆ ಬೇಕಾದಷ್ಟು ಜಾಗವಿದೆ. ಮೊದಲು ಸೋರಿಕೆ ನಿಲ್ಲಿಸಿ, 50 ಮಿ.ಮೀ. ಎಕ್ಸ್‌ಪಿಎಸ್ ಹಲಗೆ ಹಾಸಿ, ಮೇಲೆ ಗಾರೆ, ಬಿಳಿ ಟೈಲ್ಸ್ ಹಾಕಿಸಿ. ಬಿಸಿಲು ಸ್ಲ್ಯಾಬ್ ಮುಟ್ಟುವ ಮೊದಲೇ ತಡೆದಂತಾಗುತ್ತದೆ. ಏರೋಜೆಲ್‌ಗೆ ದುಡ್ಡು ಸುರಿಯುವುದು ಹೊರಗೆ ಜಾಗವೇ ಇಲ್ಲದವರಿಗೆ ಮಾತ್ರ ಸರಿ.