ಚೀಟಿ ಕಳೆದುಕೊಂಡ ಸೀಸೆ

ಮಲೆನಾಡಿನ ಮಳೆಗಾಲದಲ್ಲಿ ಕಾಗದಕ್ಕೆ ಆಯುಷ್ಯ ಕಡಿಮೆ. ಶಿರಸಿಯ ಒಂದು ಪ್ರೌಢಶಾಲೆಯ ಪ್ರಯೋಗಶಾಲೆಯಲ್ಲಿ ಆಷಾಢದ ತೇವಕ್ಕೆ ಬೂಷ್ಟು ಹಿಡಿದು ಒಂದು ಸೀಸೆಯ ಚೀಟಿ ಕಳಚಿಬಿದ್ದಿತು. ಒಳಗಿದ್ದುದು ನೀರಿನಂತೆ ಬಣ್ಣವಿಲ್ಲದ, ಸ್ಪಿರಿಟ್ಟಿನ ವಾಸನೆಯ ದ್ರವ. ಆ ಕಪಾಟಿನಲ್ಲಿ ಇಡಲಾಗುತ್ತಿದ್ದ ಅಂತಹ ದ್ರವಗಳು ಎರಡೇ: ಈಥೈಲ್ ಆಲ್ಕೊಹಾಲ್ ಮತ್ತು ಐಸೊಪ್ರೊಪೈಲ್ ಆಲ್ಕೊಹಾಲ್. ಇದು ಯಾವುದು?

ಕುದಿಯುವ ಉಷ್ಣತೆಯನ್ನು ನೋಡಿ ಹೇಳಬಹುದಲ್ಲ ಎಂದು ಯಾರಿಗಾದರೂ ತೋರೀತು. ಆದರೆ ಮೊದಲನೆಯದು 78 ಡಿಗ್ರಿಯಲ್ಲಿಯೂ ಎರಡನೆಯದು 82 ಡಿಗ್ರಿಯಲ್ಲಿಯೂ ಕುದಿಯುತ್ತವೆ. ಶಾಲೆಯ ಹಳೆಯ ಉಷ್ಣತಾಮಾಪಕವನ್ನು ನಂಬಿ ಇಷ್ಟು ಸಣ್ಣ ಅಂತರದ ಮೇಲೆ ತೀರ್ಪು ಕೊಡುವುದು ಕಷ್ಟ. ಅವುಗಳ ಮೋಲಾರ್ ರಾಶಿಗಳಲ್ಲಿಯಾದರೋ ವ್ಯತ್ಯಾಸ ದೊಡ್ಡದು. ಈಥೈಲ್ ಆಲ್ಕೊಹಾಲಿನ ಒಂದು ಮೋಲ್ 46 ಗ್ರಾಂ ತೂಗಿದರೆ ಐಸೊಪ್ರೊಪೈಲ್ ಆಲ್ಕೊಹಾಲಿನ ಒಂದು ಮೋಲ್ 60 ಗ್ರಾಂ ತೂಗುತ್ತದೆ. ಶಿರಸಿ, ಸಿದ್ದಾಪುರ ಮತ್ತು ಯಲ್ಲಾಪುರ ತಾಲೂಕುಗಳಿಂದ ವಿಜ್ಞಾನ ಶಿಬಿರಕ್ಕಾಗಿ ಅಲ್ಲಿ ಸೇರಿದ್ದ ಮಕ್ಕಳಿಗೆ ವಿಜ್ಞಾನದ ಮಾಸ್ತರರು ಇದನ್ನೇ ಸಮಸ್ಯೆಯಾಗಿ ಕೊಟ್ಟರು.

ಕಣ್ಣಿಗೆ ಕಾಣದ ಅಣುಗಳನ್ನು ಎಣಿಸಿ ತೂಗುವುದು ಸಾಧ್ಯವಿಲ್ಲ. ಆದರೆ ದ್ರವವನ್ನು ಆವಿಯಾಗಿಸಿದರೆ ಎಣಿಕೆಯ ಕೆಲಸವನ್ನು ಅನಿಲದ ನಿಯಮವೇ ಮಾಡಿಕೊಡುತ್ತದೆ. ಒಂದೇ ಉಷ್ಣತೆ, ಒಂದೇ ಒತ್ತಡಗಳಲ್ಲಿ ಸಮಾನ ಗಾತ್ರದ ಅನಿಲಗಳಲ್ಲಿ ಸಮಾನ ಸಂಖ್ಯೆಯ ಅಣುಗಳಿರುತ್ತವೆ ಎಂದು ಇಟಲಿಯ ಅವೊಗಾಡ್ರೊ 1811ರಲ್ಲಿಯೇ ಹೇಳಿದ್ದನು. ಈ ವಿಚಾರವನ್ನು ಬಳಸಿ ಆವಿಯನ್ನು ತೂಗುವ ಕ್ರಮವನ್ನು 1826ರಲ್ಲಿ ಪ್ರಕಟಿಸಿದವನು ಫ್ರಾನ್ಸಿನ ಡ್ಯೂಮಾ. ಅವನು ಗಾಜಿನ ಬುರುಡೆಯ ಕತ್ತನ್ನು ಸಣ್ಣ ಕೊಳವೆಯಂತೆ ಎಳೆದು, ಬುರುಡೆಯಲ್ಲಿ ಆವಿ ತುಂಬಿಕೊಂಡ ಕ್ಷಣದಲ್ಲಿ ಆ ತುದಿಯನ್ನು ಜ್ವಾಲೆಯಿಂದ ಕರಗಿಸಿ ಮುಚ್ಚುತ್ತಿದ್ದನು. ಶಾಲೆಯಲ್ಲಿ ಇಷ್ಟು ಕುಶಲತೆ ಬೇಕಾಗಿಲ್ಲ. ಶಂಕುವಿನಾಕಾರದ ಒಂದು ಫ್ಲಾಸ್ಕೂ ಅದರ ಬಾಯಿಗೆ ಕಟ್ಟಲು ಅಲ್ಯೂಮಿನಿಯಂ ಹಾಳೆಯೂ ಸಾಕು.

ಮಾಸ್ತರರು ಒಣಗಿದ ಫ್ಲಾಸ್ಕನ್ನು ಹಾಳೆ ಮತ್ತು ದಾರಗಳೊಡನೆ ತೂಗಿದರು. ತೂಕ 78.42 ಗ್ರಾಂ. ಬಳಿಕ ಐದಾರು ಮಿಲಿಲೀಟರಿನಷ್ಟು ದ್ರವವನ್ನು ಸುರಿದು, ಹಾಳೆಯನ್ನು ಬಿಗಿಯಾಗಿ ಕಟ್ಟಿ, ನಡುವೆ ಸೂಜಿಯ ಮೊನೆಯಿಂದ ಒಂದು ರಂಧ್ರ ಮಾಡಿದರು. ಎಷ್ಟು ದ್ರವ ಸುರಿದರೆಂಬುದನ್ನು ಅಳೆಯದಿದ್ದುದನ್ನು ಕಂಡು ಮಕ್ಕಳಿಗೆ ಆಶ್ಚರ್ಯವಾಯಿತು. ಅದನ್ನು ಅಳೆಯುವ ಅವಶ್ಯಕತೆಯೇ ಇರಲಿಲ್ಲ. ಫ್ಲಾಸ್ಕನ್ನು ಕುದಿಯುವ ನೀರಿನಲ್ಲಿ ಕತ್ತಿನವರೆಗೆ ಮುಳುಗಿಸಿದಾಗ ಒಳಗಿನ ದ್ರವ ಕುದಿದು ಆವಿಯಾಗುತ್ತದೆ. ಆ ಆವಿ ಮೊದಲು ಗಾಳಿಯನ್ನು ರಂಧ್ರದ ಮೂಲಕ ಹೊರದೂಡಿ, ಬಳಿಕ ಹೆಚ್ಚಾದ ಪಾಲು ತಾನೂ ಹೊರಹೋಗುತ್ತದೆ. ಕಡೆಗೆ ಉಳಿಯುವುದು ಫ್ಲಾಸ್ಕಿನ ತುಂಬ ಆವಿ ಮಾತ್ರ. ಅದರ ಉಷ್ಣತೆ ಸುತ್ತಲಿನ ನೀರಿನದು, ಒತ್ತಡ ಹೊರಗಿನ ಗಾಳಿಯದು.

ಈ ಪ್ರಯೋಗದಲ್ಲಿ ಬೆಂಕಿಯ ಜ್ವಾಲೆ ಸಲ್ಲದು, ಏಕೆಂದರೆ ಹೊರಬರುವ ಆವಿ ಥಟ್ಟನೆ ಹೊತ್ತಿಕೊಳ್ಳಬಲ್ಲದು. ನೀರನ್ನು ವಿದ್ಯುತ್ ಒಲೆಯ ಮೇಲೆ ಕಾಯಿಸಿ, ಕಿಟಕಿಗಳನ್ನು ತೆರೆದಿಡಲಾಗಿತ್ತು.

ಫ್ಲಾಸ್ಕನ್ನು ಯಾವಾಗ ಹೊರತೆಗೆಯಬೇಕೆಂಬುದೇ ಇಲ್ಲಿ ನಾಜೂಕಾದ ವಿಷಯ. ಒಂದು ಹನಿ ದ್ರವ ಉಳಿದಿರುವಾಗಲೇ ತೆಗೆದರೆ ಅದೂ ಆವಿಯ ಲೆಕ್ಕಕ್ಕೆ ಸೇರಿ ಉತ್ತರ ಹಿಗ್ಗುತ್ತದೆ. ಬಹಳ ಹೊತ್ತು ಬಿಟ್ಟರೆ ರಂಧ್ರದ ಮೂಲಕ ಗಾಳಿ ಮೆಲ್ಲನೆ ಒಳನುಸುಳಿ ಉತ್ತರ ಕುಗ್ಗುತ್ತದೆ. ಮಾಸ್ತರರು ಫ್ಲಾಸ್ಕನ್ನು ಸ್ವಲ್ಪ ಓರೆ ಮಾಡಿ ತಳವನ್ನು ನೋಡುತ್ತಿದ್ದರು. ದ್ರವದ ಕೊನೆಯ ಅಂಚು ಕಣ್ಮರೆಯಾದ ಮೇಲೆ ಎರಡು ನಿಮಿಷ ಕಾದು ಹೊರತೆಗೆದರು. ನೀರಿನಲ್ಲಿಟ್ಟ ಉಷ್ಣತಾಮಾಪಕ 98 ಡಿಗ್ರಿ ತೋರಿಸುತ್ತಿತ್ತು. ತಣ್ಣಗಾದ ಫ್ಲಾಸ್ಕಿನ ಒಳಗೆ ಆವಿ ಸಣ್ಣ ಹನಿಗಳಾಗಿ ಕಟ್ಟಿತು. ಹೊರಮೈಯನ್ನು ಒರೆಸಿ, ಹಾಳೆಯ ಮಡಿಕೆಗಳ ಅಡಿಯಲ್ಲಿ ನಿಂತ ನೀರನ್ನು ಶೋಷಕ ಕಾಗದದಿಂದ ತೆಗೆದು ಮತ್ತೆ ತೂಗಿದಾಗ 78.89 ಗ್ರಾಂ ಬಂದಿತು. ಹಾಳೆಯ ಮಡಿಕೆಯಲ್ಲಿ ಒಂದೇ ಹನಿ ನೀರು, ಎಂದರೆ ಸುಮಾರು 0.05 ಗ್ರಾಂ, ಉಳಿದುಹೋಗಿದ್ದರೆ ಉತ್ತರದಲ್ಲಿ ಆರರಷ್ಟು ತಪ್ಪು ಬರುತ್ತಿತ್ತು. ಮಳೆಗಾಲದಲ್ಲಿ ಈ ಪ್ರಯೋಗ ಮಾಡುವವರು ತಕ್ಕಡಿಗಿಂತ ಒರೆಸುವ ಬಟ್ಟೆಯ ಕಡೆಗೇ ಹೆಚ್ಚು ಗಮನವಿಡಬೇಕು.

ಆವಿಯ ತೂಕ 0.47 ಗ್ರಾಂ, ಉಷ್ಣತೆ 98 ಡಿಗ್ರಿ, ಎಂದರೆ 371 ಕೆಲ್ವಿನ್. ಕರಿಹಲಗೆಯ ಮೇಲೆ ಮಾಸ್ತರರು ಬರೆದುದು ಇಷ್ಟೇ. ಅದರ ಕೆಳಗೆ ಸೂತ್ರ:

M = mRT ÷ PV

ಇಲ್ಲಿ M ಮೋಲಾರ್ ರಾಶಿ, m ಆವಿಯ ತೂಕ, T ಉಷ್ಣತೆ, P ಒತ್ತಡ, V ಗಾತ್ರ. ಒತ್ತಡವನ್ನು ವಾಯುಮಾನಗಳಲ್ಲಿಯೂ ಗಾತ್ರವನ್ನು ಲೀಟರುಗಳಲ್ಲಿಯೂ ಹೇಳಿದರೆ R ಎಂಬ ಸ್ಥಿರಾಂಕದ ಬೆಲೆ 0.0821. ಗಾತ್ರವನ್ನೂ ಒತ್ತಡವನ್ನೂ ಆಯಾ ತಾಲೂಕಿನ ಮಕ್ಕಳು ತಾವೇ ಕಂಡುಕೊಂಡು ಲೆಕ್ಕ ಮಾಡಬೇಕೆಂದು ಅವರು ಹೇಳಿದರು.

ಸಿದ್ದಾಪುರದ ಮಕ್ಕಳು ಫ್ಲಾಸ್ಕಿಗೆ ಕಂಠದವರೆಗೆ ನೀರು ತುಂಬಿ ಅದನ್ನು ಅಳತೆ ಜಾಡಿಗೆ ಸುರಿದು ನೋಡಿದರು. ಗಾತ್ರ 268 ಮಿಲಿಲೀಟರ್. ಒತ್ತಡಕ್ಕೆ ಪಾಠದಲ್ಲಿ ಕಲಿತ 760 ಮಿಲಿಮೀಟರ್ ಪಾದರಸವನ್ನು, ಎಂದರೆ ಒಂದು ವಾಯುಮಾನವನ್ನು ತೆಗೆದುಕೊಂಡರು. ಅವರಿಗೆ ಬಂದ ಉತ್ತರ 53.4. ಇದು 46ಕ್ಕೂ 60ಕ್ಕೂ ನಟ್ಟನಡುವೆ ನಿಂತು ಯಾವ ಪಕ್ಷವನ್ನೂ ವಹಿಸದಾಯಿತು.

ಯಲ್ಲಾಪುರದ ಮಕ್ಕಳು ಫ್ಲಾಸ್ಕಿನ ಮೇಲೆ ಅಚ್ಚಾಗಿದ್ದ 250 ಮಿಲಿಲೀಟರನ್ನೇ ಗಾತ್ರವೆಂದು ನಂಬಿದರು. ಒತ್ತಡಕ್ಕೆ ಅವರೂ 760 ಎಂದರು. ಉತ್ತರ 57.3.

ಶಿರಸಿಯ ಮಕ್ಕಳು ಗಾತ್ರವನ್ನು ಅಳೆದು 268 ಎಂದು ಕಂಡುಕೊಂಡರು. ಒತ್ತಡಕ್ಕಾಗಿ ಮೂಲೆಯಲ್ಲಿ ತೂಗುಹಾಕಿದ್ದ ವಾಯುಭಾರಮಾಪಕವನ್ನು ಓದಿದರು. ಅದರಲ್ಲಿದ್ದುದು 709 ಮಿಲಿಮೀಟರ್. 709ನ್ನು 760ರಿಂದ ಭಾಗಿಸಿದರೆ 0.933 ವಾಯುಮಾನ. ಇದನ್ನು 0.268ರಿಂದ ಗುಣಿಸಿದರೆ 0.250. ಮೇಲಿನ ಸಾಲಿನಲ್ಲಿ 0.47, 0.0821 ಮತ್ತು 371ಗಳ ಗುಣಲಬ್ಧ 14.3. ಭಾಗಿಸಿದಾಗ ಅವರಿಗೂ 57.3 ಬಂದಿತು.

"ನಮ್ಮದೂ ನಿಮ್ಮದೂ ಒಂದೇ ಉತ್ತರ. ಅಂದ ಮೇಲೆ ಅಳೆಯುವ ಶ್ರಮ ಏಕೆ?" ಎಂದನು ಯಲ್ಲಾಪುರದ ಹುಡುಗನೊಬ್ಬ.

ಮಾಸ್ತರರು ನಕ್ಕರು. "ಇದೇ ಫ್ಲಾಸ್ಕನ್ನು ದೇವಿಮನೆ ಘಟ್ಟ ಇಳಿಸಿ ಕುಮಟೆಗೆ ಒಯ್ಯಿ, ನೋಡೋಣ" ಎಂದರು.

ಶಿರಸಿ, ಸಿದ್ದಾಪುರ, ಯಲ್ಲಾಪುರಗಳು ಘಟ್ಟದ ಮೇಲೆ, ಸಮುದ್ರಮಟ್ಟದಿಂದ ಸುಮಾರು 500ರಿಂದ 600 ಮೀಟರ್ ಎತ್ತರದಲ್ಲಿವೆ. ಅಷ್ಟು ಗಾಳಿಯ ಹೊರೆ ತಲೆಯ ಮೇಲಿಂದ ಇಳಿದಿರುವುದರಿಂದ ಇಲ್ಲಿ ಒತ್ತಡ ಕಡಿಮೆ. 760 ಎಂಬುದು ಸಮುದ್ರಮಟ್ಟದ ಅಂಕಿ. ಅದನ್ನು ಇಲ್ಲಿ ಬಳಸಿದರೆ ಒತ್ತಡ ಏಳು ಪಾಲು ನೂರರಷ್ಟು ಹೆಚ್ಚಾಗುತ್ತದೆ. ಫ್ಲಾಸ್ಕಿನ ಮೇಲಿನ 250 ಎಂಬ ಗುರುತು ಕಂಠದವರೆಗಿನ ಅಳತೆಯಲ್ಲ. ಅದನ್ನು ನಂಬಿದರೆ ಗಾತ್ರ ಹೆಚ್ಚುಕಡಿಮೆ ಅಷ್ಟೇ ಪಾಲು ಕಡಿಮೆಯಾಗುತ್ತದೆ. ಎರಡು ತಪ್ಪುಗಳು ಒಂದನ್ನೊಂದು ನುಂಗಿಹಾಕಿದ್ದರಿಂದ ಯಲ್ಲಾಪುರದವರ ಉತ್ತರ ಸರಿಯಾದಂತೆ ಕಂಡಿತು. ಕುಮಟೆಯ ಕರಾವಳಿಯಲ್ಲಿ ಒತ್ತಡ 760ರ ಹತ್ತಿರವೇ ಇರುತ್ತದೆ. ಅಲ್ಲಿ ಅದೇ ಫ್ಲಾಸ್ಕಿನಲ್ಲಿ ಹೆಚ್ಚು ಆವಿ ತುಂಬಿ ತಕ್ಕಡಿಯಲ್ಲಿ ಸುಮಾರು 0.51 ಗ್ರಾಂ ತೂಗುತ್ತದೆ. ಗಾತ್ರ 268 ಎಂದು ಲೆಕ್ಕ ಹಾಕಿದವರಿಗೆ 58 ಬರುತ್ತದೆ. 250 ಎಂದವರಿಗೆ 62ನ್ನು ಮೀರುತ್ತದೆ, ಏಕೆಂದರೆ ಅವರ ತಪ್ಪನ್ನು ಮರೆಸಲು ಇನ್ನೊಂದು ತಪ್ಪು ಅಲ್ಲಿ ದೊರೆಯುವುದಿಲ್ಲ.

ಆಕಾಶವಾಣಿಯ ಹವಾವರದಿಯಲ್ಲಿ ಬರುವ ಒತ್ತಡವನ್ನು ತೆಗೆದುಕೊಳ್ಳಬಹುದೇ ಎಂದು ಒಬ್ಬಳು ಕೇಳಿದಳು. ಒಳ್ಳೆಯ ಪ್ರಶ್ನೆ. ಆದರೆ ಬೇರೆ ಬೇರೆ ಎತ್ತರದ ಊರುಗಳನ್ನು ಹೋಲಿಸುವುದಕ್ಕಾಗಿ ಹವಾವರದಿಗಳಲ್ಲಿ ಒತ್ತಡವನ್ನು ಸಮುದ್ರಮಟ್ಟಕ್ಕೆ ತಿದ್ದಿ ಹೇಳುವುದು ವಾಡಿಕೆ. ಆ ಅಂಕಿಯೂ ಘಟ್ಟದ ಮೇಲಿನವರಿಗೆ 760ರಂತೆಯೇ ಮೋಸ ಮಾಡುತ್ತದೆ.

ಆದರೂ 57.3 ಎಂಬುದು 60 ಅಲ್ಲ. ಈ ಕೊರತೆ ಎಲ್ಲಿಂದ ಬಂತು? ತಣ್ಣಗಾದ ಫ್ಲಾಸ್ಕಿನಲ್ಲಿ ಆವಿಯೆಲ್ಲವೂ ಹನಿಯಾಗುವುದಿಲ್ಲ, ಸ್ವಲ್ಪ ಆವಿಯಾಗಿಯೇ ಉಳಿಯುತ್ತದೆ. ಐಸೊಪ್ರೊಪೈಲ್ ಆಲ್ಕೊಹಾಲಿನ ಆವಿ 25 ಡಿಗ್ರಿಯಲ್ಲಿ ಸುಮಾರು 45 ಮಿಲಿಮೀಟರ್ ಒತ್ತಡವನ್ನು ತಾನೇ ಹೊರುತ್ತದೆ. ಹಾಗಾಗಿ ರಂಧ್ರದಿಂದ ಮರಳಿ ಬಂದ ಗಾಳಿಗೆ 709ರಲ್ಲಿ 45ರಷ್ಟು ಸ್ಥಳ ಸಿಗುವುದಿಲ್ಲ. ಮೊದಲ ಸಲ ತೂಗಿದಾಗ ಫ್ಲಾಸ್ಕಿನ ತುಂಬ ಗಾಳಿಯಿತ್ತು, ಎರಡನೆಯ ಸಲ ಗಾಳಿ ಅಷ್ಟು ಕಡಿಮೆಯಾಗಿತ್ತು. ಈ ಫ್ಲಾಸ್ಕಿನ ತುಂಬ ಶಿರಸಿಯ ಗಾಳಿ ಸುಮಾರು 0.30 ಗ್ರಾಂ ತೂಗುತ್ತದೆ. ಅದರಲ್ಲಿ 709ಕ್ಕೆ 45ರ ಪಾಲು 0.019 ಗ್ರಾಂ. ಇದನ್ನು ಕೂಡಿಸಿದರೆ ಆವಿಯ ನಿಜವಾದ ತೂಕ 0.49 ಗ್ರಾಂ ಆಗಿ ಉತ್ತರ 59.7ಕ್ಕೆ ಏರುತ್ತದೆ. ದ್ರವ ಹೆಚ್ಚು ಬೇಗ ಆವಿಯಾಗುವಂಥದಾದಷ್ಟೂ ಈ ತಿದ್ದುಪಡಿ ದೊಡ್ಡದಾಗುತ್ತದೆ.

ಸೀಸೆಯಲ್ಲಿರುವುದು ಐಸೊಪ್ರೊಪೈಲ್ ಆಲ್ಕೊಹಾಲ್ ಎಂದು ಮಕ್ಕಳು ಒಮ್ಮತಕ್ಕೆ ಬಂದರು. ಇರುವುದು ಎರಡೇ ದ್ರವಗಳಾದುದರಿಂದ ಈ ತೀರ್ಪು ನಿಂತಿತು. ಅಸಿಟೋನಿನ ಸೀಸೆಯೂ ಆ ಕಪಾಟಿನಲ್ಲಿದ್ದಿದ್ದರೆ ನಿಲ್ಲುತ್ತಿರಲಿಲ್ಲ, ಏಕೆಂದರೆ ಅದರ ಮೋಲಾರ್ ರಾಶಿ 58. ಒಂದು ಗ್ರಾಮಿನ ನೂರನೆಯ ಪಾಲನ್ನು ಮಾತ್ರ ತೋರಿಸುವ ತಕ್ಕಡಿಯಲ್ಲಿ 0.47 ಎಂಬುದು 0.46 ಅಥವಾ 0.48 ಇರಬಹುದು, ಉತ್ತರ ಅಷ್ಟರಿಂದಲೇ ಒಂದೂಕಾಲರಷ್ಟು ಅತ್ತಿತ್ತ ಸರಿಯುತ್ತದೆ. ಆಗ 56 ಡಿಗ್ರಿಯಲ್ಲಿಯೇ ಕುದಿಯುವ ಅಸಿಟೋನನ್ನು ಗುರುತಿಸಲು ಅದೇ ಹಳೆಯ ಉಷ್ಣತಾಮಾಪಕ ಸಾಕಾಗುತ್ತಿತ್ತು.

"ನಮ್ಮ ಶಾಲೆಯಲ್ಲಿ ವಾಯುಭಾರಮಾಪಕ ಇಲ್ಲ ಮಾಸ್ತರರೇ" ಎಂದಳು ಸಿದ್ದಾಪುರದ ಹುಡುಗಿ.

"ನೀರು ಕುದಿಸಲು ಪಾತ್ರೆ ಇದೆಯಷ್ಟೆ?" ಎಂದರು ಮಾಸ್ತರರು. ನೀರು 760ರಲ್ಲಿ 100 ಡಿಗ್ರಿಗೆ, 733ರಲ್ಲಿ 99ಕ್ಕೆ, 707ರಲ್ಲಿ 98ಕ್ಕೆ ಕುದಿಯುತ್ತದೆ. ಆ ದಿನ ನೀರಿನಲ್ಲಿದ್ದ ಉಷ್ಣತಾಮಾಪಕ ತೋರಿಸಿದ 98, ಗೋಡೆಯ ಮೇಲಿನ 709ನ್ನೇ ಇನ್ನೊಂದು ಭಾಷೆಯಲ್ಲಿ ಹೇಳುತ್ತಿತ್ತು. ಹುಡುಗಿ ಆ ಮೂರು ಅಂಕಿಗಳನ್ನು ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು. ಮಾಸ್ತರರು ಹೊಸ ಚೀಟಿಯೊಂದರ ಮೇಲೆ ದ್ರವದ ಹೆಸರನ್ನು ಬರೆದು, ಸೀಸೆಗೆ ಅಂಟಿಸಿ, ಅದರ ಮೇಲೆ ತೆಳ್ಳಗೆ ಮೇಣ ಸವರಿದರು.