ಡೇಟಾ ಸೈಂಟಿಸ್ಟ್ ರೆಸ್ಯೂಮೆ: ಪ್ರಾಜೆಕ್ಟ್ ಬರೆಯುವುದು ಹೇಗೆ?

‘ಪೈಥಾನ್, ಎಕ್ಸ್‌ಜಿಬೂಸ್ಟ್ ಬಳಸಿ ಸಾಲದ ಕಂತು ತಪ್ಪಿಸುವವರನ್ನು ಗುರುತಿಸುವ ಮಾಡೆಲ್ ರೂಪಿಸಿದೆ, ನಿಖರತೆ ಶೇ 97.’

ಡೇಟಾ ಸೈಂಟಿಸ್ಟ್ ಹುದ್ದೆಗೆ ಅರ್ಜಿ ಹಾಕುವ ಹಲವರು ಬರೆಯುವುದು ಹೀಗೆಯೇ. ಆದರೆ ನೂರು ಸಾಲಗಾರರಲ್ಲಿ ಮೂವರಷ್ಟೇ ಕಂತು ತಪ್ಪಿಸುವ ಕಡೆ, ‘ಯಾರೂ ತಪ್ಪಿಸುವುದಿಲ್ಲ’ ಎಂದು ಕಣ್ಣುಮುಚ್ಚಿ ಹೇಳಿದರೂ ನಿಖರತೆ ಶೇ 97 ಬರುತ್ತದೆ. ಸಂದರ್ಶಕರಿಗೆ ಇದು ಗೊತ್ತು. ಈ ಸಾಲನ್ನೇ ಹಂತ ಹಂತವಾಗಿ ತಿದ್ದೋಣ. ಇಲ್ಲಿನ ಅಂಕಿಗಳು ಉದಾಹರಣೆಗಷ್ಟೇ.

1. ಫಲಿತಾಂಶ ಮೊದಲು ಬರಲಿ

ಮಾಡೆಲ್ ಬಂದ ಮೇಲೆ ಯಾರ ಕೆಲಸ ಬದಲಾಯಿತು ಎಂದು ಕೇಳಿಕೊಳ್ಳಿ. ವಸೂಲಿ ಸಿಬ್ಬಂದಿ ಈಗ ಮಾಡೆಲ್ ಕೊಟ್ಟ ಪಟ್ಟಿಯಂತೆ ಕರೆ ಮಾಡುತ್ತಾರೆ, ಅದರಿಂದ ಕಂತು ತಪ್ಪಿಸುವವರ ಪ್ರಮಾಣ ಶೇ 3ರಿಂದ ಶೇ 2.4ಕ್ಕೆ ಇಳಿದಿದೆ ಎನ್ನೋಣ. ಎರಡೂ ಅಂಕಿ ಬರೆಯಿರಿ. ‘ಶೇ 20ರಷ್ಟು ಇಳಿಕೆ’ ಎಂದಷ್ಟೇ ಬರೆದರೆ ಎಲ್ಲಿಂದ ಎಲ್ಲಿಗೆ ಇಳಿಯಿತು ಎಂಬುದು ತಿಳಿಯುವುದಿಲ್ಲ.

2. ಯಾವುದಕ್ಕೆ ಹೋಲಿಸಿದಿರಿ?

ಬಾಕಿ ಇಳಿದದ್ದು ಮಾಡೆಲ್‌ನಿಂದಲೋ, ಬೆಳೆ ಮಾರಿದ ಹಣ ಸಾಲಗಾರರ ಕೈಸೇರಿದ್ದರಿಂದಲೋ? ಸಾಲಗಾರರನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಹಳೆಯ ಕ್ರಮದಲ್ಲೇ ಕರೆ ಮಾಡಿದ್ದರೆ ಅದನ್ನು ಹೇಳಿ. ಇಡೀ ಸಾಲಿಗೆ ತೂಕ ಬರುವುದು ಇದರಿಂದಲೇ.

3. ಡೇಟಾ ಎಷ್ಟು?

‘ದೊಡ್ಡ ಪ್ರಮಾಣದ ಡೇಟಾ’ ಎಂದು ಬರೆಯಬೇಡಿ. 12 ಲಕ್ಷ ಖಾತೆ, 24 ತಿಂಗಳ ಕಂತು, ಒಟ್ಟು 2.88 ಕೋಟಿ ದಾಖಲೆ ಎಂದರೆ ಕೆಲಸದ ಗಾತ್ರ ಕಣ್ಣಿಗೆ ಕಟ್ಟುತ್ತದೆ.

4. ಎಲ್ಲಿ ಓಡುತ್ತಿದೆ?

ನೋಟ್‌ಬುಕ್‌ನಲ್ಲೇ ಉಳಿದ ಮಾಡೆಲ್‌ಗೂ ದಿನನಿತ್ಯ ಬಳಕೆಯಲ್ಲಿರುವ ಮಾಡೆಲ್‌ಗೂ ಅಂತರ ದೊಡ್ಡದು. ರಾತ್ರಿ ಒಮ್ಮೆ ಓಡಿ ಪಟ್ಟಿ ಕೊಡುತ್ತದೆಯೇ, ಕೇಳಿದ ಕ್ಷಣ ಉತ್ತರಿಸುತ್ತದೆಯೇ, ಎಷ್ಟು ತಿಂಗಳಿಂದ ಬಳಕೆಯಲ್ಲಿದೆ, ಮಾಡೆಲ್ ಹಳತಾದದ್ದನ್ನು ಹೇಗೆ ಪತ್ತೆಹಚ್ಚುತ್ತೀರಿ ಎಂಬುದನ್ನು ಬರೆಯಿರಿ.

5. ಟೂಲ್‌ಗಳು ಕೊನೆಗೆ

ತಿದ್ದಿದ ಸಾಲು ಹೀಗಿರುತ್ತದೆ:

‘ಕಂತು ತಪ್ಪಿಸುವ ಸಾಧ್ಯತೆ ಇರುವವರಿಗೆ ಮೊದಲು ಕರೆ ಹೋಗುವಂತೆ ಮಾಡಿ, ಕಂತು ತಪ್ಪಿಸುವವರ ಪ್ರಮಾಣವನ್ನು ಶೇ 2.4ಕ್ಕೆ ಇಳಿಸಿದೆ (ಹಳೆಯ ಕ್ರಮದ ಗುಂಪಿನಲ್ಲಿ ಶೇ 3). 12 ಲಕ್ಷ ಖಾತೆಗಳ 2 ವರ್ಷದ ಡೇಟಾ. 9 ತಿಂಗಳಿಂದ ಪ್ರತಿ ರಾತ್ರಿ ಓಡುತ್ತಿದೆ, ತಿಂಗಳಿಗೊಮ್ಮೆ ಮರುತರಬೇತಿ. ಪೈಥಾನ್, ಎಕ್ಸ್‌ಜಿಬೂಸ್ಟ್.’

ಇದನ್ನೇ ಇಂಗ್ಲಿಷ್‌ನಲ್ಲಿ ಎರಡು ಮೂರು ಸಾಲಿಗೆ ಇಳಿಸಿಕೊಳ್ಳಿ.

ತಂಡದ ಕೆಲಸವಾಗಿದ್ದರೆ ನಿಮ್ಮ ಪಾಲು ಯಾವುದು ಎಂದು ಸ್ಪಷ್ಟಪಡಿಸಿ. ಮಾಡೆಲ್ ಬಳಕೆಗೆ ಬಂದೇ ಇಲ್ಲದಿದ್ದರೆ ‘ಹಳೆಯ ಡೇಟಾದ ಮೇಲೆ ಪರೀಕ್ಷಿಸಿದ್ದು’ ಎಂದೇ ಬರೆಯಿರಿ. ಕಂಪನಿಯ ಗೋಪ್ಯ ಅಂಕಿಗಳನ್ನು ಅನುಮತಿ ಇಲ್ಲದೆ ಹಾಕಬೇಡಿ. ಅರ್ಜಿ ಕಳಿಸುವ ಮುನ್ನ ಒಂದೊಂದು ಅಂಕಿಯನ್ನೂ ‘ಇದನ್ನು ಹೇಗೆ ಲೆಕ್ಕ ಹಾಕಿದೆ?’ ಎಂದು ಕೇಳಿಕೊಂಡು, ಉತ್ತರ ಸಿಗದ್ದನ್ನು ತೆಗೆದುಹಾಕಿ.